ಹದಿನಾರು ಮೈಕಿಗೆ ಒಂದೇ ಕೇಬಲ್

ಒಂದು ಕರ್ನಾಟಕ ಸಂಗೀತ ಕಛೇರಿಗೆ ವೇದಿಕೆ ಸಜ್ಜಾಗುತ್ತಿದೆ ಎಂದುಕೊಳ್ಳೋಣ. ಗಾಯಕಿಗೊಂದು ಮೈಕ್, ಪಿಟೀಲಿಗೊಂದು, ಮೃದಂಗದ ಎರಡು ಬದಿಗೆ ಎರಡು, ಘಟಕ್ಕೊಂದು, ತಂಬೂರಿಗೊಂದು, ನಿರೂಪಕರಿಗೊಂದು. ಒಟ್ಟು ಏಳು. ಇವನ್ನೆಲ್ಲ ಹದಗೊಳಿಸುವ ಮಿಕ್ಸರ್ ಇರುವುದು ವೇದಿಕೆಯಿಂದ 30 ಮೀಟರ್ ದೂರದಲ್ಲಿ, ಪ್ರೇಕ್ಷಕರ ನಡುವೆ. ವೇದಿಕೆಯ ಪಕ್ಕದಲ್ಲಿ ಕೂತವರ ಕಿವಿಗೆ ಬೀಳುವ ಸದ್ದೇ ಬೇರೆ, ಸಭೆಗೆ ಕೇಳುವುದೇ ಬೇರೆ. ಹಾಗಾಗಿ ಸೌಂಡ್ ಇಂಜಿನಿಯರ್ ಸಭೆಯಲ್ಲೇ ಕೂರಬೇಕು.

ಆದರೆ ಏಳು ಮೈಕಿನ ದನಿ ಅಲ್ಲಿಗೆ ಬರಬೇಕು. ಎರಡು ಮುಖ್ಯ ಸ್ಪೀಕರ್‌ಗಳಿಗೆ ಮತ್ತು ಕಲಾವಿದರ ಮುಂದಿನ ಎರಡು ಮಾನಿಟರ್‌ಗಳಿಗೆ ದನಿ ಅಲ್ಲಿಂದ ಮರಳಬೇಕು. ಬಿಡಿಬಿಡಿಯಾಗಿ ಎಳೆದರೆ ಹನ್ನೊಂದು ಕೇಬಲ್, ಒಟ್ಟು 330 ಮೀಟರ್ ಸಿಕ್ಕು. ಇದನ್ನು ತಪ್ಪಿಸುವುದೇ ಸೌಂಡ್‌ನವರು ‘ಸ್ನೇಕ್’ ಎನ್ನುವ ಮಲ್ಟಿಕೋರ್ ಕೇಬಲ್.

ಹೊರಗಿನಿಂದ ನೋಡಿದರೆ ಅದು ಹೆಬ್ಬೆರಳು ಗಾತ್ರದ ಒಂದೇ ಕೇಬಲ್. ವೇದಿಕೆಯ ತುದಿಯಲ್ಲಿ ಸಾಕೆಟ್‌ಗಳಿರುವ ಲೋಹದ ಪೆಟ್ಟಿಗೆ, ಅಂದರೆ ಸ್ಟೇಜ್ ಬಾಕ್ಸ್. ಮಿಕ್ಸರ್ ತುದಿಯಲ್ಲಿ ಅದು ಬಾಲಗಳಾಗಿ ಕವಲೊಡೆಯುತ್ತದೆ. ಪ್ರತಿ ಬಾಲಕ್ಕೂ ಒಂದು ಸಂಖ್ಯೆ. ‘16ಕ್ಕೆ 4’ ಎಂದರೆ ಹದಿನಾರು ಸಾಲು ಮಿಕ್ಸರಿಗೆ ಹೋಗುತ್ತವೆ, ನಾಲ್ಕು ವೇದಿಕೆಗೆ ಮರಳುತ್ತವೆ. ಮರಳುವ ಸಾಲುಗಳಲ್ಲಿ ಹರಿಯುವುದು ಆಂಪ್ಲಿಫಯರ್‌ಗೆ ಕೊಡುವ ಸಣ್ಣ ಸಂಕೇತ ಮಾತ್ರ. ಆಂಪ್ಲಿಫಯರ್‌ನಿಂದ ಹೊರಟು ಸ್ಪೀಕರ್ ನಡೆಸುವ ದೊಡ್ಡ ಕರೆಂಟನ್ನು ಸ್ನೇಕ್‌ನಲ್ಲಿ ಹರಿಸಲೇಬಾರದು.

ಇಷ್ಟು ಸಾಲುಗಳು ಒತ್ತೊತ್ತಾಗಿದ್ದರೂ, ಮೈಕಿನ ಸಂಕೇತ ಕೆಲವೇ ಮಿಲಿವೋಲ್ಟ್‌ನಷ್ಟು ದುರ್ಬಲವಾಗಿದ್ದರೂ, ಗುಯ್‌ ಎನ್ನುವ ಸದ್ದು ಸೇರದಿರುವುದು ಹೇಗೆ? ಪ್ರತಿ ಸಾಲಿನಲ್ಲೂ ಒಟ್ಟಿಗೆ ಹೊಸೆದ ಎರಡು ತಂತಿಗಳಿರುತ್ತವೆ. ಅವನ್ನು ಸುತ್ತುವರಿದು ಶೀಲ್ಡ್ ಎಂಬ ಲೋಹದ ಹೊದಿಕೆ ಇರುತ್ತದೆ. ಮೈಕ್ ತನ್ನ ಸಂಕೇತವನ್ನು ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ ಕಳಿಸುತ್ತದೆ. ಹೊರಗಿನಿಂದ ನುಗ್ಗುವ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಾಗುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಸೊನ್ನೆಯಾಗಿ ಹಾಡು ಉಳಿಯುತ್ತದೆ. ಆದರೂ ಸ್ನೇಕನ್ನು ಮೇನ್ಸ್ ವೈರಿನ ಜೊತೆಜೊತೆಗೆ ಎಳೆಯುವುದಿಲ್ಲ; ದಾಟಲೇಬೇಕಾದರೆ ಅಡ್ಡವಾಗಿ ದಾಟಿಸುತ್ತಾರೆ.

ಎಳೆದ ಮೇಲೆ ಕೆಲಸ ಶುರುವಾಗುವುದು ಒಂದು ಹಾಳೆಯಿಂದ. 1 ಗಾಯನ, 2 ಪಿಟೀಲು, 3 ಮತ್ತು 4 ಮೃದಂಗ ಎಂದು ಬರೆದು ಅದೇ ಕ್ರಮದಲ್ಲಿ ಸ್ಟೇಜ್ ಬಾಕ್ಸ್‌ಗೂ ಮಿಕ್ಸರಿಗೂ ಸಿಕ್ಕಿಸುತ್ತಾರೆ. ವೇದಿಕೆಯಲ್ಲಿ ಸಹಾಯಕ ಪ್ರತಿ ಮೈಕಿನ ಮುಂದೆ ಮಾತಾಡುತ್ತಾನೆ. ಇತ್ತ ಅದೇ ಚಾನೆಲ್‌ನ ದೀಪ ಮಿನುಗಬೇಕು.

ಎರಡನೆಯ ಚಾನೆಲ್‌ನಲ್ಲಿ ಸದ್ದೇ ಇಲ್ಲ ಎನ್ನೋಣ. ಕೆಟ್ಟಿರುವುದು ಮೈಕೋ, ಅದರ ಚಿಕ್ಕ ಕೇಬಲ್ಲೋ, ಸ್ನೇಕೋ, ಮಿಕ್ಸರೋ? ಮೊದಲು ಚಾನೆಲ್ಲನ್ನು ಮ್ಯೂಟ್ ಮಾಡಬೇಕು, ಇಲ್ಲದಿದ್ದರೆ ಕಿತ್ತು ಸಿಕ್ಕಿಸುವಾಗ ಸ್ಪೀಕರ್‌ನಲ್ಲಿ ಢಬ್ ಎಂದು ಸಿಡಿಯುತ್ತದೆ. ಆಮೇಲೆ ಪಿಟೀಲಿನ ಕೇಬಲನ್ನು ಸ್ಟೇಜ್ ಬಾಕ್ಸ್‌ನ ಖಾಲಿ 9ಕ್ಕೆ ಹಾಕಿ, ಇತ್ತ 9ರ ಬಾಲವನ್ನು ಮಿಕ್ಸರಿನ 2ಕ್ಕೆ ಸಿಕ್ಕಿಸುತ್ತಾರೆ. ಸದ್ದು ಬಂದರೆ ಮೈಕೂ ಮಿಕ್ಸರೂ ನಿರಪರಾಧಿಗಳು, ದೋಷ ಸ್ನೇಕ್‌ನ 2ನೇ ಸಾಲಿನಲ್ಲಿದೆ. ಬಾರದಿದ್ದರೆ ಚಿಕ್ಕ ಕೇಬಲ್ ಬದಲಿಸಿ ನೋಡುತ್ತಾರೆ, ಆಮೇಲೆ ಮೈಕ್, ಕೊನೆಗೆ ಮಿಕ್ಸರಿನ ಚಾನೆಲ್.

ಇದರಲ್ಲೊಂದು ಸೂಕ್ಷ್ಮವಿದೆ. ಪಿಟೀಲಿಗೆ ಇಟ್ಟಿರುವುದು ಕಂಡೆನ್ಸರ್ ಮೈಕ್. ಅದಕ್ಕೆ ಮಿಕ್ಸರ್ ಅದೇ ಕೇಬಲ್‌ನಲ್ಲಿ 48 ವೋಲ್ಟ್‌ನ ಫ್ಯಾಂಟಮ್ ಪವರ್ ಕಳಿಸುತ್ತದೆ. ಈ ಕರೆಂಟು ಎರಡು ತಂತಿಗಳಲ್ಲೂ ಸಮನಾಗಿ ಹೋಗಿ ಶೀಲ್ಡ್ ಮೂಲಕ ಮರಳುತ್ತದೆ. ಶೀಲ್ಡ್ ಕಡಿದಿದ್ದರೆ ಕಂಡೆನ್ಸರ್ ಮೌನವಾಗುತ್ತದೆ. ಆದರೆ ಹಾಡುವವರ ಸಾಮಾನ್ಯ ಡೈನಾಮಿಕ್ ಮೈಕಿಗೆ ಈ ಕರೆಂಟು ಬೇಡ. ಅದೇ ಸಾಲಿಗೆ ಸಿಕ್ಕಿಸಿದರೆ ಅದು ಮಾತಾಡುತ್ತದೆ, ಹೆಚ್ಚೆಂದರೆ ಸ್ವಲ್ಪ ಗುಯ್‌ಗುಟ್ಟುತ್ತದೆ. ಹೀಗಾಗಿ ಡೈನಾಮಿಕ್ ಕೇಳಿಸಿ ಕಂಡೆನ್ಸರ್ ಕೇಳಿಸದಿದ್ದರೆ ಮೊದಲ ಅನುಮಾನ ಶೀಲ್ಡಿನ ಮೇಲೆ.

ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ಡಿಜಿಟಲ್ ಸ್ಟೇಜ್ ಬಾಕ್ಸ್ ಬಂದಿದೆ. ದನಿ ವೇದಿಕೆಯಲ್ಲೇ ಅಂಕಿಗಳಾಗಿ ಬದಲಾಗಿ, ಕಂಪ್ಯೂಟರ್ ಜಾಲಕ್ಕೆ ಬಳಸುವಂಥ ತೆಳು ಕೇಬಲ್‌ನಲ್ಲಿ ಹರಿಯುತ್ತದೆ. ಹೊರುವ ಭಾರ ತುಂಬ ಕಡಿಮೆ. ಆದರೆ ಆ ಒಂದು ಕೇಬಲ್ ತುಂಡಾದರೆ ಎಲ್ಲ ಮೈಕೂ ಒಟ್ಟಿಗೆ ಸ್ತಬ್ಧ. ಅದಕ್ಕೇ ಎಚ್ಚರದ ತಂಡಗಳು ಪಕ್ಕದಲ್ಲೇ ಇನ್ನೊಂದನ್ನು ಎಳೆದಿಟ್ಟಿರುತ್ತವೆ. ಹಳೆಯ ಸ್ನೇಕ್‌ನಲ್ಲಾದರೆ 2 ಕೆಟ್ಟರೂ ಉಳಿದ ಹದಿನೈದು ನಡೆಯುತ್ತವೆ. ಕಛೇರಿ ಮುಗಿದು ಸುತ್ತಿಡುವ ಮೊದಲು ಆ ಸಾಕೆಟ್‌ಗೂ ಅದರ ಬಾಲಕ್ಕೂ ಟೇಪು ಹಚ್ಚಿ ಗುರುತು ಮಾಡುತ್ತಾರೆ. ಮರುದಿನ ಬೆಸುಗೆ ಹಾಕುವವರು ಅಲ್ಲಿಂದಲೇ ಶುರುಮಾಡುತ್ತಾರೆ.