ಖಾಲಿ ಹಾಳೆಗೆ ಸಹಿ ಬೇಡ

ಹೀಗೊಂದು ಪ್ರಸಂಗ ಇಟ್ಟುಕೊಳ್ಳಿ. ಹಾವೇರಿ ಕಡೆಯ ರೈತರೊಬ್ಬರು 20 ಲಕ್ಷದ ಜೀವವಿಮೆ ಮಾಡಿಸಿ, ಹದಿನಾಲ್ಕು ತಿಂಗಳಿಗೆ ಹೃದಯಾಘಾತದಿಂದ ತೀರಿಕೊಂಡರು. ಹೆಂಡತಿ ಜೂನ್ 3ರಂದು ಕ್ಲೇಮ್ ಅರ್ಜಿ ಕೊಟ್ಟರು. ಎರಡು ವಾರಕ್ಕೆ ಬೈಕಿನಲ್ಲಿ ಒಬ್ಬರು ಬಂದು ಕಟ್ಟೆಯ ಮೇಲೆ ಕೂತರು.

'ಅಕ್ಕಾರ, ಯಜಮಾನ್ರಿಗೆ ಬಿಪಿ ಇತ್ತೇನ್ರಿ?'

'ಒಮ್ಮೊಮ್ಮೆ ತಲಿ ನೋಯ್ತೈತಿ ಅಂತ ಗುಳಿಗಿ ತಗೊಂತಿದ್ರು.'

ಹಾಳೆಯ ಮೇಲೆ ಇದು 'ಹಲವು ವರ್ಷಗಳಿಂದ ಬಿಪಿ ಚಿಕಿತ್ಸೆ ಪಡೆಯುತ್ತಿದ್ದರು' ಎಂದಾಗಬಹುದು. ಕೆಳಗೆ ಹೆಬ್ಬೆಟ್ಟೋ ಸಹಿಯೋ ಬಿದ್ದರೆ, ಮುಂದೆ ಅದೇ ಕಂಪನಿಯ ಸಾಕ್ಷಿ.

ತನಿಖೆಯೇ ತಪ್ಪಲ್ಲ. ಪಾಲಿಸಿ ಶುರುವಾಗಿ ಅಥವಾ ನಿಂತದ್ದು ಮತ್ತೆ ಚಾಲ್ತಿಗೆ ಬಂದು ಮೂರು ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ ಎನ್ನುತ್ತದೆ 1938ರ ವಿಮಾ ಕಾಯ್ದೆಯ 45ನೇ ಕಲಂ. ಅದಕ್ಕೇ ಮೂರು ವರ್ಷದೊಳಗಿನ ಸಾವನ್ನು ಕಂಪನಿಗಳು ಕೆದಕುತ್ತವೆ. ಬರುವವರು ಸಾಮಾನ್ಯವಾಗಿ ಹೊರಗಿನ ಏಜೆನ್ಸಿಯವರು. ಹಣ ಕೊಡುವ, ತಡೆಯುವ ಅಧಿಕಾರ ಅವರಿಗಿಲ್ಲ. 'ಖರ್ಚಿಗೆ' ಎಂದು ಕೇಳಿದರೆ ಕಂಪನಿಗೆ ಬರೆದು ತಿಳಿಸಿ. ಗುರುತಿನ ಚೀಟಿ, ಕಂಪನಿಯ ಪತ್ರ ನೋಡಿಯೇ ಮಾತಾಡಿ. ದಾಖಲೆಗಳ ನಕಲು ಕೊಡಿ, ಮೂಲಪ್ರತಿ ಬಿಡಬೇಡಿ. ಹೇಳಿಕೆಯನ್ನು ಓದಿಸಿ ಕೇಳಿ, ನೀವು ಆಡದ ಮಾತಿದ್ದರೆ ಹೊಡೆದುಹಾಕಿಸಿ, ಸಹಿ ಮಾಡುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಇದಿಷ್ಟು ಮಾಡಿದವರು ಮುಂದೆ ಬಹಳ ಅಲೆದಾಟ ತಪ್ಪಿಸಿಕೊಳ್ಳುತ್ತಾರೆ.

ಆಮೇಲೆ ಕಾಯುವ ಕಾಲ. 'ತನಿಖೆ ನಡೆಯುತ್ತಿದೆ' ಎಂಬ ಉತ್ತರಕ್ಕೂ ಗಡುವಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ತನಿಖೆ ಬೇಕಾದ ಮರಣ ಕ್ಲೇಮು 45 ದಿನದಲ್ಲಿ ಇತ್ಯರ್ಥವಾಗಬೇಕು, ಬೇಡವಾದದ್ದು 15 ದಿನದಲ್ಲಿ. ನಮ್ಮ ಪ್ರಸಂಗದಲ್ಲಿ ಗಡುವು ಜುಲೈ 18. ಮೀರಿದರೆ ಬ್ಯಾಂಕ್ ದರಕ್ಕಿಂತ ಶೇ 2 ಹೆಚ್ಚಿನ ಬಡ್ಡಿ ಸೇರಿಸಿ ಕೊಡಬೇಕು. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ 20 ಲಕ್ಷಕ್ಕೆ ತಿಂಗಳಿಗೆ ಸುಮಾರು 13,300 ರೂಪಾಯಿ. ಆದ್ದರಿಂದ ಅರ್ಜಿ ಕೊಟ್ಟ ದಿನದ ಸ್ವೀಕೃತಿ ಚೀಟಿ ಜೋಪಾನ.

ಕ್ಲೇಮ್ ನಿರಾಕರಿಸಿದರೆ ಕಾರಣವನ್ನೂ ಅದಕ್ಕೆ ಆಧಾರವನ್ನೂ ಲಿಖಿತವಾಗಿ ಕೊಡಬೇಕು. ರೈತರು ನಿಜಕ್ಕೂ ಹೃದ್ರೋಗದ ಚಿಕಿತ್ಸೆ ಮುಚ್ಚಿಟ್ಟಿದ್ದರೆ ಹಣ ಸಿಗದಿರಬಹುದು. ಆದರೆ ವಂಚನೆಯ ಆರೋಪವಿಲ್ಲದೆ, ಬರೀ ಮಾಹಿತಿ ಮುಚ್ಚಿಟ್ಟರೆಂದು ನಿರಾಕರಿಸಿದರೆ ಕಟ್ಟಿದ ಕಂತು 90 ದಿನದೊಳಗೆ ವಾಪಸ್ ಬರಬೇಕು. ಅಷ್ಟೇ ಅಲ್ಲ, ಆ ವಿಷಯ ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ತೋರಿಸುವ ಹೊಣೆ ಕಂಪನಿಯದು. ತಲೆನೋವಿನ ಗುಳಿಗೆಯಿಂದ ಅದನ್ನು ತೋರಿಸುವುದು ಸುಲಭವಲ್ಲ.

ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ಪರಿಹಾರ ಅವರ ವ್ಯಾಪ್ತಿಯಲ್ಲಿದೆ. ಆ ದೂರಿನ ಜೊತೆ ಲಗತ್ತಿಸಬೇಕಾದ ಕಾಗದಗಳಲ್ಲಿ ಕಟ್ಟೆಯ ಮೇಲೆ ಕೂತು ತೆಗೆದುಕೊಂಡ ಆ ಫೋಟೊವೂ ಒಂದು.