ಹೇಳಿದ್ದು, ಬಂದದ್ದು, ಕೇಳಿದ್ದು: ಉಗ್ರಾಣದಲ್ಲಿ ಮೂರು ಕಾಗದಗಳ ತಾಳೆ

ಸಣ್ಣ ಕೈಗಾರಿಕಾ ಘಟಕಗಳ ಉಗ್ರಾಣದಲ್ಲಿ ಕೆಲಸ ಮಾಡುವ ಗುಮಾಸ್ತರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಲೆಕ್ಕಪತ್ರ ವಿಭಾಗದವರು ‘ತ್ರೀ ವೇ ಮ್ಯಾಚಿಂಗ್’ ಎಂದಾಗ ಅದು ತಮಗೆ ಸಂಬಂಧಿಸದ ವಿಷಯವೆಂದು ಅವರು ಭಾವಿಸುವುದುಂಟು. ವಾಸ್ತವವಾಗಿ ಈ ತಾಳೆಯ ಮೂರು ಕಾಗದಗಳಲ್ಲಿ ಸರಕನ್ನು ಕಣ್ಣಾರೆ ಕಂಡು ಬರೆಯುವಂಥದು ಒಂದೇ, ಮತ್ತು ಅದನ್ನು ಬರೆಯುವವನು ಗುಮಾಸ್ತನೇ. ಅವನಿಗೆ ಮೂರು ಪ್ರಶ್ನೆಗಳ ರೂಪದಲ್ಲಿ ಇದನ್ನು ತಿಳಿಸಬಹುದು: ನಾವು ಹೇಳಿದ್ದೇನು? ನಮಗೆ ಬಂದದ್ದೇನು? ಅವರು ಕೇಳುತ್ತಿರುವುದೇನು?

ಹೇಳಿದ್ದು ಪರ್ಚೇಸ್ ಆರ್ಡರ್, ಅಂದರೆ ಖರೀದಿ ಆದೇಶ. ಬಂದದ್ದು ಜಿ.ಆರ್.ಎನ್. ಎಂದು ಕರೆಯುವ ಸರಕು ಸ್ವೀಕೃತಿ ಪತ್ರ. ಕೇಳುತ್ತಿರುವುದು ಪೂರೈಕೆದಾರನ ಇನ್‌ವಾಯ್ಸ್. ಈ ಮೂರೂ ಒಂದಕ್ಕೊಂದು ಹೊಂದಿದಾಗ ಮಾತ್ರ ಹಣ ಪಾವತಿಯಾಗಬೇಕು.

ಒಂದು ಉದಾಹರಣೆ

ಯಲಹಂಕದಲ್ಲಿ ವಿದ್ಯುತ್ ಫಲಕಗಳ ಪೆಟ್ಟಿಗೆ ತಯಾರಿಸುವ ಒಂದು ಘಟಕವಿದೆ ಎಂದಿಟ್ಟುಕೊಳ್ಳೋಣ. ಅದು ಯಶವಂತಪುರದ ಕಬ್ಬಿಣದ ವರ್ತಕರೊಬ್ಬರಿಗೆ 2 ಮಿ.ಮೀ. ದಪ್ಪದ, 2500 ಮಿ.ಮೀ. ಉದ್ದ ಹಾಗೂ 1250 ಮಿ.ಮೀ. ಅಗಲದ 40 ಉಕ್ಕಿನ ಶೀಟುಗಳಿಗೆ ಆದೇಶ ನೀಡುತ್ತದೆ. ಈ ಅಳತೆಯ ಒಂದು ಶೀಟು ಸುಮಾರು 49 ಕೆ.ಜಿ. ತೂಗುತ್ತದೆ; ಆದ್ದರಿಂದ ಒಟ್ಟು ತೂಕ 1,960 ಕೆ.ಜಿ. ಒಪ್ಪಿದ ದರ ಕೆ.ಜಿ.ಗೆ 68 ರೂಪಾಯಿ.

ಲಾರಿ ಬಂದಾಗ ಚಾಲಕನು ಇನ್‌ವಾಯ್ಸನ್ನೂ ತೂಕದ ಚೀಟಿಯನ್ನೂ ಒಟ್ಟಿಗೇ ಕೊಡುತ್ತಾನೆ. ಇಲ್ಲಿ ಗುಮಾಸ್ತನು ಸಹಜವಾಗಿಯೇ ಕೇಳುತ್ತಾನೆ: “ಸಾರ್, ಬಿಲ್ಲಿನಲ್ಲಿ ನಲವತ್ತು ಎಂದೇ ಇದೆಯಲ್ಲ, ಮತ್ತೇಕೆ ಎಣಿಸಬೇಕು?” ಇದಕ್ಕೆ ಉತ್ತರ ಹೀಗಿದೆ: ಬಿಲ್ಲು ಪೂರೈಕೆದಾರನ ಮಾತು. ಅವನ ಮಾತನ್ನೇ ನಾವು ಜಿ.ಆರ್.ಎನ್.ನಲ್ಲಿ ನಕಲು ಮಾಡಿದರೆ, ಮೂರು ಕಾಗದಗಳಿದ್ದರೂ ಸಾಕ್ಷಿಗಳು ಇಬ್ಬರೇ ಆಗುತ್ತಾರೆ.

ಗುಮಾಸ್ತನು ಶೀಟುಗಳನ್ನು ಒಂದೊಂದಾಗಿ ಇಳಿಸಿ ಎಣಿಸಿದ. ನಲವತ್ತು ಇದ್ದವು, ಆದರೆ ಕೆಳಗಿನ ಮೂರು ನೀರು ತಾಗಿ ತುಕ್ಕು ಹಿಡಿದಿದ್ದವು. ಅವನು ಜಿ.ಆರ್.ಎನ್.ನಲ್ಲಿ ಮೂರು ಅಂಕಣಗಳನ್ನು ಬೇರೆಬೇರೆಯಾಗಿ ತುಂಬಿದ: ಬಂದದ್ದು 40, ಒಪ್ಪಿದ್ದು 37, ತಿರಸ್ಕರಿಸಿದ್ದು 3. ಕಾರಣವನ್ನೂ ಬರೆದು, ಚಾಲಕನ ಸಹಿ ಪಡೆದ. ಪಟ್ಟಿಯ ಕೊನೆಯಲ್ಲಿ ಖರೀದಿ ಆದೇಶದ ಸಂಖ್ಯೆಯನ್ನು ನಮೂದಿಸಿದ. ದರದ ವಿಚಾರ ಅವನ ಕೆಲಸವಲ್ಲ. ಅದನ್ನು ಅವನು ಮುಟ್ಟಲಿಲ್ಲ.

ಕಾಗದಗಳು ಲೆಕ್ಕಪತ್ರ ವಿಭಾಗಕ್ಕೆ ಹೋದಾಗ ಮತ್ತೊಂದು ವ್ಯತ್ಯಾಸ ಕಂಡಿತು. ಇನ್‌ವಾಯ್ಸಿನಲ್ಲಿ ದರ 70 ರೂಪಾಯಿ ಎಂದಿತ್ತು. ಬಿಲ್ಲಿನ ಪ್ರಕಾರ 1,960 ಕೆ.ಜಿ.ಗೆ 1,37,200 ರೂ. ಆದೇಶದ ದರದಲ್ಲಿ, ಒಪ್ಪಿದ 37 ಶೀಟುಗಳ 1,813 ಕೆ.ಜಿ.ಗೆ ಸಲ್ಲಬೇಕಾದುದು 1,23,284 ರೂ. ವ್ಯತ್ಯಾಸ 13,916 ರೂ. ಇದರಲ್ಲಿ 3,920 ರೂ. ದರದಿಂದ ಬಂದದ್ದು; ಉಳಿದ 9,996 ರೂ. ತುಕ್ಕು ಹಿಡಿದ ಮೂರು ಶೀಟುಗಳದು. ಶೇಕಡಾ 18ರ ಜಿ.ಎಸ್.ಟಿ. ಸೇರಿದರೆ ಒಟ್ಟು ವ್ಯತ್ಯಾಸ 16,420 ರೂ. ದಾಟುತ್ತದೆ. ದರದ ತಪ್ಪನ್ನು ಹಿಡಿದದ್ದು ಖರೀದಿ ಆದೇಶ. ಸರಕಿನ ದೋಷವನ್ನು ಹಿಡಿದದ್ದು ಗುಮಾಸ್ತನ ಕಣ್ಣು. ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಹಣದ ಒಂದು ಭಾಗ ಹೊರಹೋಗುತ್ತಿತ್ತು.

ಈಗ ಬಿಲ್ಲನ್ನು ತಿದ್ದಿ ಬರೆಯುವಂತಿಲ್ಲ. ಬಿಲ್ಲನ್ನು ತಡೆಹಿಡಿದು, ಪೂರೈಕೆದಾರನಿಂದ ಕ್ರೆಡಿಟ್ ನೋಟ್ ಪಡೆಯಬೇಕು. ಜಿ.ಎಸ್.ಟಿ. ಕಾಯಿದೆಯ 16ನೇ ಕಲಮಿನ ಪ್ರಕಾರ ಸರಕು ಸ್ವೀಕರಿಸಿದ್ದರೆ ಮಾತ್ರ ಹೂಡುವಳಿ ತೆರಿಗೆ ಜಮೆ ಸಿಗುತ್ತದೆ. ತಿರಸ್ಕರಿಸಿದ ಸರಕಿನ ತೆರಿಗೆಯನ್ನು ಜಮೆ ಪಡೆದುಕೊಂಡು ಸುಮ್ಮನಿದ್ದರೆ, ತಪಾಸಣೆಯ ದಿನ ನಮ್ಮದೇ ಜಿ.ಆರ್.ಎನ್. ನಮ್ಮ ವಿರುದ್ಧ ನಿಲ್ಲುತ್ತದೆ.

ಮಾಪನ ಮತ್ತು ರಿಯಾಯಿತಿ

ಮೇಲಿನ ಉದಾಹರಣೆಯಲ್ಲಿ ನಾವು ಶೀಟುಗಳನ್ನು ಎಣಿಸಿದೆವು, ಬಿಲ್ಲು ಕೆ.ಜಿ. ಲೆಕ್ಕದಲ್ಲಿ ಬಂದಿತು. ಉಕ್ಕು ಮತ್ತು ತಾಮ್ರದ ತಂತಿಯಂತಹ ಸರಕಿನಲ್ಲಿ ಈ ಗೊಂದಲ ಸಾಮಾನ್ಯ. ಆದೇಶದಲ್ಲಿಯೇ ಸಂಖ್ಯೆ ಹಾಗೂ ತೂಕ ಎರಡನ್ನೂ ಬರೆದರೆ ಗುಮಾಸ್ತನು ಎರಡನ್ನೂ ತಾಳೆ ನೋಡಬಲ್ಲ. ಶೀಟಿನ ದಪ್ಪದಲ್ಲಿ ಕೊಂಚ ಏರುಪೇರು ಇರುವುದರಿಂದ ತೂಕ ನಿಖರವಾಗಿ ಹೊಂದುವುದಿಲ್ಲ. ಆದ್ದರಿಂದ ಮಾಲೀಕರು ಮೊದಲೇ ಒಂದು ಮಿತಿಯನ್ನು ನಿಗದಿಪಡಿಸಬೇಕು. ಅರ್ಧ ಶೇಕಡಾ ಎಂದಿಟ್ಟರೆ 1,960 ಕೆ.ಜಿ.ಗೆ ಸುಮಾರು 10 ಕೆ.ಜಿ.ಯವರೆಗೆ ಬಿಡಬಹುದು. ದರದ ವಿಚಾರದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಬಾರದು.

ನಕಲು ಜಿ.ಆರ್.ಎನ್. ಪತ್ತೆ ಹೇಗೆ?

ಉಗ್ರಾಣದ ಕಡತ ನೋಡಿದರೆ ಇದು ತಿಳಿಯುತ್ತದೆ. ವರ್ಷವಿಡೀ ತಿರಸ್ಕಾರದ ಅಂಕಣ ಖಾಲಿಯಾಗಿದೆಯೇ? ತೂಕದ ಸರಕಿನಲ್ಲಿಯೂ ಜಿ.ಆರ್.ಎನ್. ಮತ್ತು ಬಿಲ್ಲು ಗ್ರಾಂನವರೆಗೆ ಒಂದೇ ಆಗಿವೆಯೇ? ಲಾರಿ ಬಂದ ದಿನ ಗೇಟಿನ ಪುಸ್ತಕದಲ್ಲಿ ಒಂದಿದ್ದು, ಜಿ.ಆರ್.ಎನ್. ದಿನಾಂಕ ಒಂದು ವಾರದ ನಂತರದ್ದಾಗಿದೆಯೇ? ಇವು ಬಿಲ್ಲು ನೋಡಿ ಬರೆದ ಗುರುತುಗಳು.

ಇದನ್ನು ತಪ್ಪಿಸಲು ಸುಲಭ ಮಾರ್ಗವಿದೆ. ಲಾರಿ ಬಂದೊಡನೆ ಗೇಟಿನಲ್ಲಿಯೇ ಬಿಲ್ಲನ್ನು ಪಡೆದು ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಬೇಕು. ಗುಮಾಸ್ತನಿಗೆ ಕೊಡುವ ಆದೇಶದ ಪ್ರತಿಯಲ್ಲಿ ಸರಕಿನ ಹೆಸರು ಮತ್ತು ಅಳತೆ ಇದ್ದು, ಸಂಖ್ಯೆಯ ಜಾಗ ಖಾಲಿಯಿರಬೇಕು. ಆಗ ಅವನು ಎಣಿಸದೆ ಬೇರೆ ದಾರಿಯೇ ಇರುವುದಿಲ್ಲ. ಟ್ಯಾಲಿ ಬಳಸುವವರು ಈ ಎಣಿಕೆಯನ್ನು Receipt Note ಎಂಬ ವೋಚರಿನಲ್ಲಿ ದಾಖಲಿಸಬಹುದು. ಬಿಲ್ಲು ಬಂದಾಗ ಅದರೊಂದಿಗೆ ಹೊಂದಿಸಬಹುದು.

ಹದಿನೈದು ದಿನಗಳ ಗಡುವು

ಪೂರೈಕೆದಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕವಾಗಿದ್ದರೆ ಮತ್ತೊಂದು ವಿಚಾರ ಗಮನಾರ್ಹ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ಪ್ರಕಾರ, ಸರಕು ಬಂದ 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಸರಕು ತಲುಪಿದ ದಿನವೇ ಸ್ವೀಕಾರದ ದಿನವೆಂದು ಪರಿಗಣಿಸಲಾಗುತ್ತದೆ. ಲಿಖಿತ ಕರಾರು ಇದ್ದರೂ ಪಾವತಿಯ ಅವಧಿ ಸ್ವೀಕಾರದಿಂದ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ತಿರಸ್ಕಾರದ ಚೀಟಿ ಉಗ್ರಾಣದ ಮೇಜಿನ ಮೇಲೆಯೇ ಇಪ್ಪತ್ತು ದಿನ ಉಳಿದರೆ ನಮ್ಮ ವಾದಕ್ಕೆ ಬಲವಿರುವುದಿಲ್ಲ. ಉದಾಹರಣೆಯ ಶೀಟು ವರ್ತಕರಿಗೆ ಈ ನಿಯಮ ಅನ್ವಯಿಸದು. ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯಿದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಆದರೆ ಬಿಡಿಭಾಗ ತಯಾರಿಸಿ ಕೊಡುವ ಘಟಕಗಳಿಗೆ ಇದು ಅನ್ವಯಿಸುತ್ತದೆ.

ಮೂರು ಕಾಗದಗಳ ತಾಳೆಗೂ ಮಿತಿಗಳಿವೆ. ಆದೇಶದಲ್ಲಿಯೇ ಹೆಚ್ಚಿನ ದರ ಬರೆದಿದ್ದರೆ ಅದು ಹಿಡಿಯಲಾರದು. ಗುಮಾಸ್ತನೂ ಪೂರೈಕೆದಾರನೂ ಒಂದಾದರೆ ಕಾಗದಗಳು ಸೊಗಸಾಗಿ ಹೊಂದುತ್ತವೆ. ಆದ್ದರಿಂದ ಆದೇಶ ಬರೆಯುವವರು, ಸರಕು ಪಡೆಯುವವರು ಹಾಗೂ ಹಣ ಕೊಡುವವರು ಬೇರೆಬೇರೆಯಾಗಿರಬೇಕು. ಐದಾರು ಜನರ ಘಟಕದಲ್ಲಿ ಇದು ಸಾಧ್ಯವಾಗದಿದ್ದರೆ, ಮಾಲೀಕರೇ ತಿಂಗಳಿಗೆ ಒಮ್ಮೆ ಮುನ್ಸೂಚನೆಯಿಲ್ಲದೆ ಲಾರಿ ಬಂದ ವೇಳೆಗೆ ಉಗ್ರಾಣಕ್ಕೆ ಹೋಗಿ ಒಂದು ಸರಕನ್ನು ಎಣಿಸಿ, ಆ ದಿನದ ಜಿ.ಆರ್.ಎನ್.ನೊಡನೆ ಹೋಲಿಸಿ ನೋಡುವುದು ಒಳಿತು.