ಟೆಸ್ಟ್ ಡ್ರೈವ್‌ಗೆ ಫುಲ್ ಚಾರ್ಜ್ ಬೇಡ

ಎಲೆಕ್ಟ್ರಿಕ್ ಕಾರಿನ ಟೆಸ್ಟ್ ಡ್ರೈವ್ ಬುಕ್ ಮಾಡುವಾಗಲೇ ಶೋರೂಮಿನವರಿಗೆ ಒಂದು ಮಾತು ಹೇಳಿಡಿ: ಬ್ಯಾಟರಿ ನೂರಕ್ಕೆ ನೂರು ತುಂಬಿರಬಾರದು, ಅರವತ್ತು-ಎಪ್ಪತ್ತು ಪರ್ಸೆಂಟ್ ಇದ್ದರೆ ಸಾಕು. ಇದಕ್ಕೆ ಕಾರಣ ರೀಜನರೇಟಿವ್ ಬ್ರೇಕಿಂಗ್, ಜನರ ಬಾಯಲ್ಲಿ ‘ರೀಜೆನ್’. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟಾರೇ ಜನರೇಟರ್ ಆಗಿ ಗಾಡಿಯ ವೇಗ ಇಳಿಸುತ್ತದೆ, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಕಳಿಸುತ್ತದೆ. ತುಂಬಿದ ಬ್ಯಾಟರಿಯಲ್ಲಿ ಆ ಕರೆಂಟಿಗೆ ಜಾಗವಿಲ್ಲ. ಹಾಗಾಗಿ ಅನೇಕ ಕಾರುಗಳಲ್ಲಿ ಆಗ ರೀಜೆನ್ ತೀರಾ ಕಡಿಮೆ, ಇಲ್ಲವೇ ಬಂದ್.

ಟಾಟಾ ನೆಕ್ಸಾನ್ ಇವಿಯಲ್ಲಿ ರೀಜೆನ್‌ಗೆ 0ಯಿಂದ 3ರವರೆಗೆ ಹಂತಗಳಿವೆ. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ಗಳಿಂದ ಬದಲಿಸಬಹುದು. ಸಿಗ್ನಲ್‌ಗಳಿರುವ ರಸ್ತೆಯಲ್ಲಿ ಒಂದೊಂದನ್ನೂ ಹಾಕಿ ನೋಡಿ. ಕಾಲು ತೆಗೆದೊಡನೆ ಗಾಡಿ ಮುಗ್ಗರಿಸಿದಂತಾಗುತ್ತದೆಯೇ, ಬ್ರೇಕ್ ಒತ್ತಿದಾಗ ಪೆಡಲ್ ಹಿಡಿತ ಒಂದೇ ಸಮನಾಗಿದೆಯೇ ಗಮನಿಸಿ. ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಳ್ಳಿ. ಹೊಟ್ಟೆ ತೊಳಸುವುದು ಮೊದಲು ಗೊತ್ತಾಗುವುದು ಅವರಿಗೆ.

ಇನ್ನು ಮೋಡ್‌ಗಳು. ಇಕೋ ಮೋಡ್‌ನಲ್ಲಿ ಆಕ್ಸಿಲರೇಟರ್ ಮಂದವಾಗುತ್ತದೆ, ಕೆಲವು ಕಾರುಗಳಲ್ಲಿ ಎಸಿಯೂ ತಗ್ಗುತ್ತದೆ. ಒಂದೇ ವೇಗದಲ್ಲಿ ಸಾಗುವಾಗ ಇಕೋಗೂ ಸ್ಪೋರ್ಟ್‌ಗೂ ಖರ್ಚಿನಲ್ಲಿ ಹೆಚ್ಚು ಅಂತರವಿರುವುದಿಲ್ಲ. ಉಳಿತಾಯವಾಗುವುದು ಕಾಲು ಹಗುರಾಗುವುದರಿಂದ. ಆದ್ದರಿಂದ ಇಕೋದಲ್ಲಿ ಪರೀಕ್ಷಿಸಬೇಕಾದ್ದು ಓವರ್‌ಟೇಕ್: ಪೆಡಲ್ ಪೂರ್ತಿ ಒತ್ತಿದರೆ ಸಾಕಷ್ಟು ಶಕ್ತಿ ಸಿಗುತ್ತದೆಯೇ?

ಕೊನೆಗೆ ನಿಜವಾದ ‘ಮೈಲೇಜ್’. ಹೊರಡುವ ಮುನ್ನ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ, ಎಸಿ ಹಾಕಿ, ಹೋದ ರಸ್ತೆಯಲ್ಲೇ ವಾಪಸ್ ಬನ್ನಿ. ಆಗ ಏರು-ಇಳಿಜಾರಿನ ಲೆಕ್ಕ ಸರಿಹೋಗುತ್ತದೆ. ನೋಡಬೇಕಾದ್ದು ಬ್ಯಾಟರಿ ಪರ್ಸೆಂಟ್ ಅಲ್ಲ, ಕಿಲೋಮೀಟರಿಗೆ ಎಷ್ಟು ವಾಟ್-ಅವರ್ ಎಂಬ ಅಂಕಿ. 15 ಕಿ.ಮೀ. ಓಡಿಸಿದಾಗ 160 ಎಂದು ತೋರಿಸಿತೆನ್ನಿ. ಅಂದರೆ ಖರ್ಚಾದದ್ದು 2.4 ಯೂನಿಟ್, ಯೂನಿಟ್ಟಿಗೆ ಸುಮಾರು ಆರೂಕಾಲು ಕಿ.ಮೀ. 45 ಯೂನಿಟ್ ಬ್ಯಾಟರಿಯಲ್ಲಿ ಇದು ಐದು ಪರ್ಸೆಂಟ್ ಚಿಲ್ಲರೆ ಮಾತ್ರ; ಪರ್ಸೆಂಟ್ ಅಂಕಿ ಒಂದು ಆಚೀಚೆಯಾದರೂ ಲೆಕ್ಕ ತಲೆಕೆಳಗು.

45 ಯೂನಿಟ್ ಬ್ಯಾಟರಿಯ ನೆಕ್ಸಾನ್‌ಗೆ ಪ್ರಯೋಗಾಲಯದ ಪರೀಕ್ಷೆ ಕೊಟ್ಟ ರೇಂಜ್ 489 ಕಿ.ಮೀ. ಅಲ್ಲಿ ಯೂನಿಟ್ಟಿಗೆ ಸುಮಾರು ಹನ್ನೊಂದು ಕಿ.ಮೀ. ಬಿತ್ತು. ಮೇಲಿನ ಆರೂಕಾಲರ ಲೆಕ್ಕ ಹಿಡಿದರೆ, 80ರಿಂದ 20 ಪರ್ಸೆಂಟಿಗೆ ಇಳಿಯುವಷ್ಟರಲ್ಲಿ, ಅಂದರೆ 27 ಯೂನಿಟ್ಟಿನಲ್ಲಿ, ಸುಮಾರು 170 ಕಿ.ಮೀ. ಸಾಗಬಹುದು.

ಈ ಅಂಕಿ ನೀವು ಓಡಿಸಿದ ರಸ್ತೆಗೆ ಮಾತ್ರ ಸಲ್ಲುತ್ತದೆ. ಒಂದು ಕಿಲೋವಾಟ್ ಎಳೆಯುವ ಎಸಿ, ಗಂಟೆಗೆ 20 ಕಿ.ಮೀ. ವೇಗದ ಟ್ರಾಫಿಕ್ಕಿನಲ್ಲಿ ಪ್ರತಿ ಕಿ.ಮೀ.ಗೆ 50 ವಾಟ್-ಅವರ್ ತಿನ್ನುತ್ತದೆ. 80ರ ವೇಗದಲ್ಲಿ ಬರೀ ಹನ್ನೆರಡೂವರೆ. ಹೆದ್ದಾರಿಯಲ್ಲಿ ಎಸಿಗಿಂತ ಹೆಚ್ಚು ತಿನ್ನುವುದು ಗಾಳಿಯ ತಡೆ. ವಾರಾವಾರ ಊರಿಗೆ ಹೋಗುವವರು ಶೋರೂಮಿನ ಸುತ್ತಲಿನ ಬೀದಿಗಳಲ್ಲೇ ತಿರುಗಿ ಬರದೆ, ಹೆದ್ದಾರಿಯಲ್ಲೂ ಒಂದು ಸುತ್ತು ಕೇಳಿ ಪಡೆದು, ಎರಡೂ ಅಂಕಿಗಳನ್ನು ಬರೆದುಕೊಳ್ಳುವುದು ಒಳ್ಳೆಯದು.